ಸಿಗ್ಮಾದಲ್ಲಿ ಇಂಡೆಕ್ಸ್ ಸರಿಸುವುದು, ಮೊತ್ತ ಒಡೆಯುವುದು: ಬೆಲೆ ಬದಲಾಗದಂತೆ ಮಾಡುವುದು ಹೇಗೆ?

ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುವ ನನಗೆ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತದೆ. ಈಗ ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿರುವ ಹಳೆಯ ಮಕ್ಕಳೂ ಫೋನ್ ಮಾಡಿ ಅದನ್ನೇ ಕೇಳುತ್ತಾರೆ: "ಸರ್, ಸಿಗ್ಮಾದ ಕೆಳಗೆ ಒಂದು ಕಮ್ಮಿ ಮಾಡಿದರೆ ಒಳಗೆ ಯಾಕೆ ಒಂದು ಜಾಸ್ತಿ ಮಾಡಬೇಕು? ಎರಡೂ ಕಡೆ ಕಮ್ಮಿ ಮಾಡಿದರೆ ಏನಾಗುತ್ತೆ?" ಒಬ್ಬೊಬ್ಬರಿಗೇ ಉತ್ತರ ಹೇಳುವ ಬದಲು ಎಲ್ಲರಿಗೂ ಒಂದೇ ಸಲ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಹತ್ತಿರ ಒಂದು ನೋಟ್‌ಬುಕ್ಕು, ಪೆನ್ನು ಇದ್ದರೆ ಸಾಕು. 1ರಿಂದ n ವರೆಗಿನ ಸಂಖ್ಯೆಗಳ ಮೊತ್ತ n(n+1)/2 ಎಂಬುದು ಗೊತ್ತಿರಬೇಕು. ಗುಣೋತ್ತರ ಶ್ರೇಢಿಯ ಮೊತ್ತ, ಅಂದರೆ 2 + 4 + 8 ಹೀಗೆ ದುಪ್ಪಟ್ಟಾಗುತ್ತ ಹೋಗುವ ಪದಗಳನ್ನು ಕೂಡುವುದು, ಗೊತ್ತಿದ್ದರೆ ಕೊನೆಯ ಲೆಕ್ಕ ಸುಲಭವಾಗುತ್ತದೆ. ಪುಸ್ತಕದಲ್ಲಿ Σ ಗುರುತಿನ ಕೆಳಗೂ ಮೇಲೂ ಬರೆಯುವುದನ್ನು ಇಲ್ಲಿ ಒಂದೇ ಸಾಲಿನಲ್ಲಿ ಹೀಗೆ ಬರೆಯುತ್ತೇನೆ:

```
Σ[k=1..5] (2k+1)
```

ಇದರಲ್ಲಿ k ಎಂಬುದು ಇಂಡೆಕ್ಸ್, ಅಂದರೆ ಎಣಿಸಲು ಇಟ್ಟುಕೊಂಡ ಅಕ್ಷರ. 1 ಕೆಳಮಿತಿ, 5 ಮೇಲ್ಮಿತಿ. ಆವರಣದೊಳಗಿರುವುದು ಪದದ ಸೂತ್ರ. k ಜಾಗದಲ್ಲಿ 1, 2, 3, 4, 5 ಹಾಕಿ, ಬಂದದ್ದನ್ನೆಲ್ಲ ಕೂಡಿ ಎಂಬುದಷ್ಟೇ ಇದರ ಅರ್ಥ.

ಹಂತ 1: ಮೊದಲು ಪಟ್ಟಿ ಬಿಡಿಸಿ ಬರೆಯಿರಿ

ಒಂದು ಗದ್ದೆಯಲ್ಲಿ ಕಬ್ಬು ಕಟಾವು ಶುರುವಾಗಿದೆ ಎನ್ನೋಣ. ಮೊದಲ ದಿನ 3 ಗಾಡಿ ಕಬ್ಬು ಹೋಯಿತು. ಆಳುಗಳು ಹೆಚ್ಚಿದಂತೆ ಮರುದಿನ 5, ಆಮೇಲೆ 7, 9, 11. ಐದು ದಿನಕ್ಕೆ ಒಟ್ಟು 35 ಗಾಡಿ. k-ನೇ ದಿನ ಹೋದದ್ದು 2k+1 ಗಾಡಿ, ಹಾಗಾಗಿ ಮೇಲೆ ಬರೆದ ಸಿಗ್ಮಾ ಈ ಲೆಕ್ಕವೇ.

```
Σ[k=1..5] (2k+1) = 3 + 5 + 7 + 9 + 11 = 35
```

ಈ ಐದು ಸಂಖ್ಯೆಗಳ ಪಟ್ಟಿಯೇ ಮೊತ್ತದ ಅಸಲು. ಸಿಗ್ಮಾ, k, ಮಿತಿಗಳು ಎಲ್ಲವೂ ಆ ಪಟ್ಟಿಯನ್ನು ಚಿಕ್ಕದಾಗಿ ಬರೆಯಲು ಇರುವ ಉಪಾಯ. ಮುಂದೆ ನೀವು ಏನೇ ಸರಿಸಿ, ಏನೇ ಒಡೆಯಿರಿ, 3ರಿಂದ ಶುರುವಾಗಿ 11ಕ್ಕೆ ನಿಲ್ಲುವ ಈ ಐದು ಸಂಖ್ಯೆಗಳಲ್ಲಿ ಒಂದೂ ಕಳೆದುಹೋಗಬಾರದು, ಒಂದೂ ಎರಡು ಸಲ ಬರಬಾರದು.

ಪಟ್ಟಿಯಲ್ಲಿ ಎಷ್ಟು ಪದಗಳಿವೆ ಎಂದು ಎಣಿಸುವಾಗಲೇ ಕೆಲವರು ಎಡವುತ್ತಾರೆ. ದಸರೆಯ ನಾಲ್ಕನೇ ದಿನ ಮೈಸೂರಿಗೆ ಹೋಗಿ, ಹತ್ತನೇ ದಿನ ವಿಜಯದಶಮಿಯ ಜಂಬೂ ಸವಾರಿ ನೋಡಿಕೊಂಡು ಬಂದರೆ ಎಷ್ಟು ದಿನದ ದಸರೆ ನೋಡಿದಿರಿ? ಹತ್ತರಲ್ಲಿ ನಾಲ್ಕು ಕಳೆದು ಆರು ಅನ್ನಬೇಡಿ. ಬೆರಳು ಮಡಚಿ ನೋಡಿ: 4, 5, 6, 7, 8, 9, 10. ಏಳು ದಿನ. ಮೇಲ್ಮಿತಿಯಲ್ಲಿ ಕೆಳಮಿತಿ ಕಳೆದು ಒಂದು ಕೂಡಿಸಬೇಕು. ಈ ಒಂದನ್ನು ಮರೆತರೆ ಹಂತ 4ರಲ್ಲಿ ಮತ್ತೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಹಂತ 2: ಇಂಡೆಕ್ಸ್ ಸರಿಸುವುದು

ಅದೇ ಕಟಾವಿನ ಲೆಕ್ಕವನ್ನು ಇನ್ನೊಬ್ಬರು ಬೇರೆ ಥರ ಬರೆದಿಟ್ಟಿದ್ದಾರೆ. ಅವರು "ಎಷ್ಟನೇ ದಿನ" ಎಂದು ಬರೆಯುವುದಿಲ್ಲ, "ಶುರುವಾಗಿ ಎಷ್ಟು ದಿನ ಕಳೆಯಿತು" ಎಂದು ಬರೆಯುತ್ತಾರೆ. ಅವರ ಪುಸ್ತಕದಲ್ಲಿ ಮೊದಲ ದಿನದ ಸಂಖ್ಯೆ 0, ಕೊನೆಯ ದಿನದ್ದು 4. ಗಾಡಿಗಳು ಮಾತ್ರ ಅವೇ. 0 ಎಂದು ಬರೆದ ಸಾಲಿನಲ್ಲೂ 3 ಗಾಡಿಯೇ ಇರಬೇಕು.

ಮೇಲಿನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ದಿನದ ಸಂಖ್ಯೆಯನ್ನು ಒಂದು ಕಮ್ಮಿ ಮಾಡಿದ್ದೀರಿ, ಗಾಡಿಗಳನ್ನು ಕಮ್ಮಿ ಮಾಡಿಲ್ಲ. ಹಳೆಯ ಸೂತ್ರ ಹಳೆಯ ದಿನಸಂಖ್ಯೆ ಕೇಳುತ್ತದೆ. ಹೊಸ ಸಂಖ್ಯೆಗೆ ಒಂದು ಕೂಡಿಸಿ ಹಳೆಯದನ್ನು ಮರಳಿ ಪಡೆದರೆ ಮಾತ್ರ ಅದು ಸರಿಯಾದ ಗಾಡಿ ಲೆಕ್ಕ ಕೊಡುತ್ತದೆ. ಮಿತಿಗಳು ಒಂದು ದಿಕ್ಕಿಗೆ ಹೋದರೆ ಒಳಗಿನ ಅಕ್ಷರ ಎದುರು ದಿಕ್ಕಿಗೆ ಹೋಗುವುದು ಇದಕ್ಕಾಗಿ.

ಕೈಯಲ್ಲಿ ಮಾಡುವಾಗ ಹೀಗೆ ಮಾಡಿ.

1. ಹೊಸ ಅಕ್ಷರ ತೆಗೆದುಕೊಳ್ಳಿ. ಹಳೆಯದು k ಆಗಿದ್ದರೆ ಹೊಸದು j ಇರಲಿ. ಎರಡರ ಸಂಬಂಧ ಬರೆಯಿರಿ: j = k − 1.
2. ಮಿತಿಗಳನ್ನು ಬದಲಾಯಿಸಿ. k = 1 ಆದಾಗ j = 0. k = 5 ಆದಾಗ j = 4. ಎರಡೂ ಮಿತಿ ಸರಿಯಬೇಕು, ಒಂದೇ ಅಲ್ಲ.
3. ಸಂಬಂಧವನ್ನು ತಿರುಗಿಸಿ: k = j + 1. ಒಳಗೆ k ಇರುವ ಪ್ರತಿಯೊಂದು ಕಡೆ (j+1) ಎಂದು ಆವರಣ ಸಮೇತ ಹಾಕಿ.
4. ಬಿಡಿಸಿ ಸರಳ ಮಾಡಿ.

```
Σ[k=1..5] (2k+1) = Σ[j=0..4] (2(j+1)+1) = Σ[j=0..4] (2j+3)
```

ಈಗ ತಾಳೆ ನೋಡಿ. j = 0 ಹಾಕಿದರೆ 3, j = 4 ಹಾಕಿದರೆ 11. ಮೊದಲ ಪದ ಅದೇ, ಕೊನೆಯ ಪದ ಅದೇ, ಪದಗಳ ಸಂಖ್ಯೆ 4 − 0 + 1 = 5, ಅದೂ ಅದೇ. ಹತ್ತು ಸೆಕೆಂಡಿನ ಕೆಲಸ. ನನ್ನ ಅನುಭವದಲ್ಲಿ ಇದನ್ನು ಮಾಡಿದವರು ಇಂಡೆಕ್ಸ್ ಸರಿಸುವಾಗ ತಪ್ಪಿದರೂ ಮುಂದಿನ ಸಾಲಿಗೆ ಹೋಗುವ ಮೊದಲೇ ಅವರಿಗೆ ಗೊತ್ತಾಗುತ್ತದೆ.

ಒಳಗೂ ಕಮ್ಮಿ ಮಾಡಿದರೆ ಏನಾಗುತ್ತದೆ ಎಂದು ಕೇಳಿದಿರಲ್ಲ, ಮಾಡಿಯೇ ನೋಡೋಣ:

```
Σ[j=0..4] (2(j-1)+1) = -1 + 1 + 3 + 5 + 7 = 15
```

ಮೊದಲ ದಿನ −1 ಗಾಡಿ ಕಬ್ಬು! ಮೊದಲ ಪದ ನೋಡಿದ ಕೂಡಲೇ ತಪ್ಪು ಕಣ್ಣಿಗೆ ಹೊಡೆಯುತ್ತದೆ.

ಇನ್ನು ಆವರಣದ ವಿಚಾರ. ಇಂಡೆಕ್ಸ್ ಸರಿಸುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಆವರಣ ಬಿಟ್ಟಿದ್ದರಿಂದಲೇ ಆಗುತ್ತವೆ. 2k ಇದ್ದಲ್ಲಿ 2j+1 ಎಂದು ಬರೆಯುತ್ತಾರೆ, ಅದು 2(j+1) ಆಗಬೇಕು. k² ಇದ್ದಲ್ಲಿ j²+1 ಬರೆಯುತ್ತಾರೆ, ಅದು (j+1)². ಘಾತದಲ್ಲಿ ಇದ್ದಾಗ ಇನ್ನೂ ಮೋಸ ಹೋಗುತ್ತಾರೆ: 2^k ಇದ್ದದ್ದು 2^(j+1) ಆಗಬೇಕು, ಅಂದರೆ 2^j ನ ಎರಡರಷ್ಟು. 2^j + 1 ಬೇರೆಯೇ ಸಂಖ್ಯೆ. (−1)^k ಇದ್ದರೆ ಅದು (−1)^(j+1) ಆಗುತ್ತದೆ, ಅಂದರೆ (−1)^j ನ ಮುಂದೆ ಒಂದು ಮೈನಸ್ ಬರುತ್ತದೆ. ಅದನ್ನು ನುಂಗಿಬಿಟ್ಟರೆ ಇಡೀ ಉತ್ತರದ ಚಿಹ್ನೆ ತಲೆಕೆಳಗು.

ಎಲ್ಲ ಮುಗಿದ ಮೇಲೆ j ತೆಗೆದು ಮತ್ತೆ k ಬರೆಯಬಹುದೇ? ಬರೆಯಬಹುದು. ಇಂಡೆಕ್ಸ್‌ಗೆ ಸಿಗ್ಮಾದ ಹೊರಗೆ ಬದುಕಿಲ್ಲ, ಯಾವ ಹೆಸರಾದರೂ ನಡೆಯುತ್ತದೆ. ಪುಸ್ತಕಗಳಲ್ಲಿ "k ಬದಲು k+1 ಹಾಕಿದಾಗ" ಎಂದು ಒಂದೇ ಸಾಲಿನಲ್ಲಿ ಹಾರಿಸಿಬಿಡುತ್ತಾರೆ. ಹೊಸಬರು ಹಾಗೆ ಮಾಡಬೇಡಿ. k = k+1 ಎಂದು ಬರೆದುಕೊಂಡು ದಿಕ್ಕು ತಪ್ಪಿದ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಕೈ ಪಳಗುವವರೆಗೂ ಬೇರೆ ಅಕ್ಷರವೇ ಇರಲಿ.

ಹಂತ 3: ಮಿತಿಯನ್ನು ಒಡೆಯುವುದು

ಮೊತ್ತವನ್ನು ಎರಡು ರೀತಿ ಒಡೆಯಬಹುದು. ಎರಡಕ್ಕೂ ಬಾಯಲ್ಲಿ "ಸ್ಪ್ಲಿಟ್" ಎಂದೇ ಹೇಳುವುದರಿಂದ ಗೊಂದಲ. ಮೊದಲನೆಯದು ಪಟ್ಟಿಯನ್ನೇ ಮಧ್ಯದಲ್ಲಿ ಕತ್ತರಿಸುವುದು. ಮೊದಲ ಎರಡು ದಿನದ ಗಾಡಿ ಬೇರೆ, ಉಳಿದ ಮೂರು ದಿನದ್ದು ಬೇರೆ:

```
Σ[k=1..5] (2k+1) = Σ[k=1..2] (2k+1) + Σ[k=3..5] (2k+1)
                 = 8 + 27 = 35
```

ಮೊದಲ ತುಂಡು 2ಕ್ಕೆ ನಿಂತರೆ ಎರಡನೆಯದು 3ರಿಂದ ಶುರು. ಎರಡನೆಯದನ್ನೂ 2ರಿಂದಲೇ ಶುರು ಮಾಡಿದರೆ 8 + 32 = 40 ಬರುತ್ತದೆ. ಹೆಚ್ಚಿಗೆ ಬಂದ 5, ಎರಡು ಸಲ ಎಣಿಸಿದ ಎರಡನೇ ದಿನದ ಗಾಡಿಗಳು. ಇಂಟಿಗ್ರೇಷನ್ ಕಲಿತ ಮಕ್ಕಳಿಂದ ಈ ತಪ್ಪು ಹೆಚ್ಚು ಆಗುತ್ತದೆ. ಅಲ್ಲಿ 1ರಿಂದ 2, 2ರಿಂದ 5 ಎಂದೇ ಒಡೆಯುವುದು ರೂಢಿ, ಏಕೆಂದರೆ ಒಂದು ಬಿಂದುವಿನ ಕೆಳಗೆ ವಿಸ್ತೀರ್ಣ ಇಲ್ಲ. ಇಲ್ಲಿ ಆ ಒಂದು ಬಿಂದುವಿನಲ್ಲಿ 5 ಗಾಡಿ ಕಬ್ಬಿದೆ.

ಇದನ್ನೇ ತಿರುಗಿಸಿ ಕಳೆಯಲೂ ಬಳಸುತ್ತೇವೆ. 4ರಿಂದ 10ರವರೆಗಿನ ಸಂಖ್ಯೆಗಳ ಮೊತ್ತ ಬೇಕು, ಗೊತ್ತಿರುವ ಸೂತ್ರ 1ರಿಂದ ಶುರುವಾಗುತ್ತದೆ. ಆಗ 1ರಿಂದ 10ರವರೆಗಿನ 55ರಲ್ಲಿ ಬೇಡದ್ದನ್ನು ಕಳೆಯಬೇಕು. ಬೇಡದ್ದು 1, 2, 3 ಮಾತ್ರ, ಅಂದರೆ 6. ಉತ್ತರ 49. 1ರಿಂದ 4ರವರೆಗಿನ 10 ಕಳೆದು 45 ಎಂದು ಬರೆದರೆ ಬೇಕಾಗಿದ್ದ 4ನ್ನೂ ಹೊರಗೆ ತಳ್ಳಿದಂತೆ.

ಹೆಚ್ಚಾಗಿ ನಿಮಗೆ ಬೇಕಾಗುವುದು ಒಂದೇ ಒಂದು ಪದವನ್ನು ತುದಿಯಿಂದ ಕಿತ್ತು ಹೊರಗಿಡುವುದು. ಮೊದಲ ಪದ ಕಿತ್ತರೆ ಕೆಳಮಿತಿ ಒಂದು ಏರುತ್ತದೆ, ಕೊನೆಯ ಪದ ಕಿತ್ತರೆ ಮೇಲ್ಮಿತಿ ಒಂದು ಇಳಿಯುತ್ತದೆ. ಇಲ್ಲಿ ಒಳಗಿನ ಸೂತ್ರವನ್ನು ಮುಟ್ಟಬಾರದು. ಇಂಡೆಕ್ಸ್ ಸರಿಸಿದಾಗ ಮಿತಿ ಎರಡೂ ಬದಲಾಗುತ್ತವೆ, ಸೂತ್ರವೂ ಬದಲಾಗುತ್ತದೆ. ಪದ ಕಿತ್ತಾಗ ಒಂದೇ ಮಿತಿ ಬದಲಾಗುತ್ತದೆ, ಸೂತ್ರ ಇದ್ದಂತೆಯೇ ಇರುತ್ತದೆ. ಇವೆರಡನ್ನು ಕಲಸಿಬಿಟ್ಟರೆ ಆಮೇಲೆ ಬಿಡಿಸುವುದು ಕಷ್ಟ.

ಹಂತ 4: ಒಳಗಿನ ಸೂತ್ರವನ್ನು ಒಡೆಯುವುದು

ಎರಡನೇ ರೀತಿಯಲ್ಲಿ ಮಿತಿಗಳು ಅಲ್ಲಾಡುವುದಿಲ್ಲ. ಒಳಗೆ ಕೂಡುವ ಅಥವಾ ಕಳೆಯುವ ಚಿಹ್ನೆ ಇದ್ದರೆ ಅಲ್ಲಿ ಸೀಳಬಹುದು, ಸ್ಥಿರಾಂಕವನ್ನು ಹೊರಗೆ ತರಬಹುದು:

```
Σ[k=1..5] (2k+1) = 2·Σ[k=1..5] k + Σ[k=1..5] 1
                 = 2·15 + 5 = 35
```

ಕೊನೆಯ Σ 1 ನೋಡಿ. ಅಲ್ಲಿ k ಇಲ್ಲವಲ್ಲ, ಹಾಗಾದರೆ ಉತ್ತರ 1 ತಾನೇ ಎಂದು 31 ಬರೆದವರಿದ್ದಾರೆ. ಸಿಗ್ಮಾ ಐದು ಸಲ ಕೂಡು ಅನ್ನುತ್ತಿದೆ, ಪ್ರತಿ ಸಲ 1 ಕೂಡಬೇಕು, ಆದ್ದರಿಂದ 5. ಸರಿಸಿದ ರೂಪದಲ್ಲಿ ಇನ್ನೊಂದು ಬಲೆ: Σ[j=0..4] 3 ಎಂಬುದು 3×4 ಅಲ್ಲ, 3×5. ಹಂತ 1ರ ದಸರೆ ಲೆಕ್ಕ ನೆನಪಿಸಿಕೊಳ್ಳಿ. ಸರಿಯಾಗಿ ಮಾಡಿದರೆ 2·10 + 15, ಮತ್ತೆ 35.

ಗುಣಾಕಾರ ಇದ್ದಲ್ಲಿ ಮಾತ್ರ ಸೀಳಬೇಡಿ. k×k ನ ಮೊತ್ತ 1ರಿಂದ 3ರವರೆಗೆ 1 + 4 + 9 = 14. ಎರಡು ಮೊತ್ತಗಳನ್ನು ಬೇರೆಬೇರೆ ಮಾಡಿ ಗುಣಿಸಿದರೆ 6×6 = 36. ಭಾಗಾಕಾರಕ್ಕೂ ಇದೇ ಮಾತು. ಇನ್ನು ಹೊರಗೆ ತರುವ ವಿಚಾರದಲ್ಲಿ n ಅನ್ನು ತರಬಹುದು, k ಅನ್ನು ತರುವಂತಿಲ್ಲ. ಕೂಡುತ್ತಿರುವಾಗ n ಬದಲಾಗುವುದಿಲ್ಲ, k ಪ್ರತಿ ಪದಕ್ಕೂ ಬದಲಾಗುತ್ತಿರುತ್ತದೆ.

ಎರಡು ಸಿಗ್ಮಾಗಳನ್ನು ಒಂದಾಗಿ ಸೇರಿಸುವುದು ಇದರ ಉಲ್ಟಾ ಕೆಲಸ. ಅದಕ್ಕೊಂದು ಷರತ್ತು: ಎರಡರ ಕೆಳಮಿತಿ, ಮೇಲ್ಮಿತಿ ಒಂದೇ ಆಗಿರಬೇಕು. ಒಂದೇ ಆಗಿಲ್ಲದಿದ್ದರೆ ಮೊದಲು ಹಂತ 3ರಂತೆ ತುದಿಯ ಪದ ಕಿತ್ತು ಮಿತಿ ಸಮ ಮಾಡಿಕೊಳ್ಳಬೇಕು. ಕೆಳಗಿನ ಲೆಕ್ಕ ಪೂರ್ತಿ ನಿಂತಿರುವುದು ಈ ಮಾತಿನ ಮೇಲೆ.

ಹಂತ 5: ಎಲ್ಲವೂ ಬೇಕಾಗುವ ಒಂದು ಲೆಕ್ಕ

k ಮತ್ತು 2^k ಎರಡೂ ಗುಣಾಕಾರದಲ್ಲಿರುವ ಮೊತ್ತ. ಸಮಾಂತರ ಶ್ರೇಢಿ, ಗುಣೋತ್ತರ ಶ್ರೇಢಿ ಎರಡೂ ಬೆರೆತದ್ದು. ಗುಣಾಕಾರವಾದ್ದರಿಂದ ನೇರವಾಗಿ ಸೀಳಲು ಆಗುವುದಿಲ್ಲ. ಮೊದಲು ಪಟ್ಟಿ:

```
S = Σ[k=1..5] k·2^k = 2 + 8 + 24 + 64 + 160 = 258
```

ಉತ್ತರ 258 ಎಂದು ಕೂಡಿ ತಿಳಿದುಕೊಂಡೆವು. ಇನ್ನು ಇದನ್ನು ಕೂಡದೆಯೇ ತರೋಣ, ಆಗ ಐದರ ಜಾಗದಲ್ಲಿ n ಬಂದರೂ ನಡೆಯುವ ದಾರಿ ಸಿಗುತ್ತದೆ.

ಎರಡರಿಂದ ಗುಣಿಸಿ. 2 ಸ್ಥಿರಾಂಕ, ಒಳಗೆ ಹೋಗಬಹುದು. 2·2^k ಎಂದರೆ 2^(k+1).

```
2S = Σ[k=1..5] k·2^(k+1)
```

ಘಾತದಲ್ಲಿ k+1 ಇರುವುದರಿಂದ S ಜೊತೆ ಹೋಲಿಸಲು ಆಗುತ್ತಿಲ್ಲ. ಅದಕ್ಕೇ ಇಂಡೆಕ್ಸ್ ಸರಿಸುವುದು. j = k + 1 ಇಡಿ. k 1ರಿಂದ 5 ಆದರೆ j 2ರಿಂದ 6. k = j − 1.

```
2S = Σ[j=2..6] (j-1)·2^j
```

ತಾಳೆ: j = 2 ಹಾಕಿದರೆ 1·4 = 4, ಇದು 2ರ ದುಪ್ಪಟ್ಟು. j = 6 ಹಾಕಿದರೆ 5·64 = 320, ಇದು 160ರ ದುಪ್ಪಟ್ಟು. ಸರಿ ಇದೆ. ಘಾತವನ್ನು ಮಾತ್ರ j ಮಾಡಿ, ಮುಂದಿನ k ಅನ್ನು j−1 ಮಾಡಲು ಮರೆಯುವುದು ಇಲ್ಲಿನ ಮಾಮೂಲಿ ತಪ್ಪು. ಮರೆತಿದ್ದರೆ ಮೊದಲ ಪದ 8 ಬರುತ್ತಿತ್ತು, ಅಲ್ಲೇ ಸಿಕ್ಕಿಬೀಳುತ್ತಿತ್ತು.

ಈಗ 2S ನಿಂದ S ಕಳೆಯಬೇಕು. ಒಂದರ ಮಿತಿ 2ರಿಂದ 6, ಇನ್ನೊಂದರದ್ದು 1ರಿಂದ 5. ಎರಡಕ್ಕೂ ಸಾಮಾನ್ಯವಾದದ್ದು 2ರಿಂದ 5. ಆದ್ದರಿಂದ 2S ನ ಕೊನೆಯ ಪದ ಕಿತ್ತಿಡಿ, S ನ ಮೊದಲ ಪದ ಕಿತ್ತಿಡಿ. j ಬದಲು k ಬರೆದುಕೊಳ್ಳೋಣ, ತೊಂದರೆ ಇಲ್ಲ.

```
2S = 320 + Σ[k=2..5] (k-1)·2^k
 S =   2 + Σ[k=2..5] k·2^k
```

ಮಿತಿಗಳು ಸಮವಾದವು, ಸೇರಿಸಬಹುದು. (k−1)·2^k ನಲ್ಲಿ k·2^k ಕಳೆದರೆ ಉಳಿಯುವುದು −2^k ಮಾತ್ರ. ತೊಂದರೆ ಕೊಡುತ್ತಿದ್ದ k ಹೊರಟುಹೋಯಿತು.

```
S = 2S - S = 320 - 2 - Σ[k=2..5] 2^k
           = 320 - 2 - (4 + 8 + 16 + 32)
           = 320 - 2 - 60 = 258
```

ನಿಮಗೆ ಬೇರೆ ಉತ್ತರ ಬಂದಿದ್ದರೆ, ಆ ಸಂಖ್ಯೆ ನೋಡಿಯೇ ಎಲ್ಲಿ ತಪ್ಪಿದ್ದೀರಿ ಎಂದು ಹೇಳಬಹುದು. 262 ಬಂದಿದ್ದರೆ, S ಅನ್ನು ಕಳೆಯುವಾಗ ಕಿತ್ತಿಟ್ಟ 2ಕ್ಕೆ ಮೈನಸ್ ಹಾಕಲಿಲ್ಲ, ಪ್ಲಸ್ ಉಳಿಸಿಬಿಟ್ಟಿರಿ. 256 ಬಂದಿದ್ದರೆ, ಕೊನೆಯ ಗುಣೋತ್ತರ ಮೊತ್ತವನ್ನು ಅಭ್ಯಾಸಬಲದಿಂದ k = 1ರಿಂದ ಶುರು ಮಾಡಿ 60ರ ಬದಲು 62 ಕಳೆದಿದ್ದೀರಿ. ಎರಡನೆಯದು ಬಹಳ ಸಾಮಾನ್ಯ. ಸೂತ್ರ ಬಾಯಿಪಾಠ ಇದ್ದವರೇ ಹೆಚ್ಚಾಗಿ ಅದರಲ್ಲಿ ಬೀಳುತ್ತಾರೆ, ಏಕೆಂದರೆ ಆ ಸೂತ್ರ 1ರಿಂದಲೇ ಕಲಿತದ್ದು.

5ರ ಬದಲು n ಇಟ್ಟು ಇದೇ ಸಾಲುಗಳನ್ನು ಬರೆಯಿರಿ. ಕಿತ್ತಿಟ್ಟ ಕೊನೆಯ ಪದ n·2^(n+1) ಆಗುತ್ತದೆ, 2^k ಗಳ ಮೊತ್ತ 2ರಿಂದ n ವರೆಗೆ 2^(n+1) − 4 ಆಗುತ್ತದೆ.

```
S = n·2^(n+1) - 2 - (2^(n+1) - 4) = (n-1)·2^(n+1) + 2
```

n = 5 ಹಾಕಿ: 4·64 + 2 = 258. n = 1 ಹಾಕಿ: 0 + 2 = 2, ಪಟ್ಟಿಯ ಮೊದಲ ಪದ ಮಾತ್ರ. n = 1 ಪರೀಕ್ಷೆ ಬಿಡಬೇಡಿ, ಅದು ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಆದರೆ n = 1 ಆದಾಗ Σ[k=2..n] ಎಂಬುದರಲ್ಲಿ ಒಂದೂ ಪದ ಇರುವುದಿಲ್ಲ. ಪದವೇ ಇಲ್ಲದ ಮೊತ್ತವನ್ನು 0 ಎಂದು ತೆಗೆದುಕೊಳ್ಳುವುದು ರೂಢಿ. ಮೇಲಿನ 2^(n+1) − 4 ಕೂಡ ಅಲ್ಲಿ 0 ಆಗುತ್ತದೆ.

ಮೇಲ್ಮಿತಿ ಅನಂತವಾದರೆ

ಡಿಗ್ರಿ ಓದುವವರಿಗೆ ಈ ಒಂದು ಎಚ್ಚರಿಕೆ. ಮೇಲ್ಮಿತಿ ∞ ಇದ್ದರೆ ಇಂಡೆಕ್ಸ್ ಸರಿಸುವುದು ಇನ್ನೂ ಸುಲಭ: ಕೆಳಮಿತಿ ಮಾತ್ರ ಬದಲಾಗುತ್ತದೆ, ಮೇಲೆ ∞ ಹಾಗೇ ಇರುತ್ತದೆ. ತುದಿಯಿಂದ ಕೆಲವು ಪದ ಕೀಳುವುದಕ್ಕೂ ಅಡ್ಡಿಯಿಲ್ಲ. ಅಪಾಯ ಇರುವುದು ಹಂತ 4ರಲ್ಲಿ, ಒಳಗಿನ ಸೂತ್ರ ಸೀಳುವಾಗ. 1/(k(k+1)) ಎಂಬ ಪದವನ್ನು 1/k − 1/(k+1) ಎಂದು ಬರೆಯಬಹುದು, ಅದು ಸರಿ. ಆದರೆ 1ರಿಂದ ∞ ವರೆಗೆ ಅದನ್ನು ಎರಡು ಸಿಗ್ಮಾ ಮಾಡಿದಿರೋ, ಎರಡೂ ಎಲ್ಲೂ ನಿಲ್ಲದೆ ಬೆಳೆಯುತ್ತ ಹೋಗುತ್ತವೆ. ಅನಂತದಲ್ಲಿ ಅನಂತ ಕಳೆದರೆ ಏನು ಬರುತ್ತದೆ ಎಂದು ಯಾರೂ ಹೇಳಲಾರರು. ಸೊನ್ನೆ ಎಂದು ಬರೆದು ಅಂಕ ಕಳೆದುಕೊಂಡವರಿದ್ದಾರೆ.

ದಾರಿ ಇದು: ಮೊದಲು N ವರೆಗೆ ಮಾತ್ರ ಕೂಡಿ. ಎರಡನೇ ಸಿಗ್ಮಾದಲ್ಲಿ j = k + 1 ಇಟ್ಟು ಸರಿಸಿ.

```
Σ[k=1..N] 1/k - Σ[k=1..N] 1/(k+1)
  = Σ[k=1..N] 1/k - Σ[j=2..N+1] 1/j
  = 1 - 1/(N+1)
```

2ರಿಂದ N ವರೆಗಿನ ಪದಗಳು ಎರಡೂ ಕಡೆ ಇದ್ದು ಹೊಡೆದುಹೋದವು. ಮೊದಲನೆಯದರಲ್ಲಿ k = 1ರ ಪದ, ಎರಡನೆಯದರಲ್ಲಿ j = N+1ರ ಪದ ಉಳಿದವು. N = 1 ಹಾಕಿದರೆ ½, ಪಟ್ಟಿಯ ಮೊದಲ ಪದ 1/(1·2) ಕೂಡ ½. ಇಷ್ಟಾದ ಮೇಲೆ N ಅನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಿ, 1/(N+1) ಸೊನ್ನೆಯತ್ತ ಹೋಗುತ್ತದೆ, ಮೊತ್ತ 1ಕ್ಕೆ ಬರುತ್ತದೆ.